ಬಿಜಿಎಂಐ: ಗುಂಡಿಗಿಂತ ವೃತ್ತದ ಲೆಕ್ಕ ಸೊಗಸು

ಕೊನೆಗೆ ಉಳಿದವರೇ ಗೆಲ್ಲುವ ಮೊಬೈಲ್ ಗುಂಡಿನಾಟ ಬಿಜಿಎಂಐಯನ್ನು 2021ರಲ್ಲಿ ಅದು ಬಂದಾಗಿನಿಂದ ಆಡುತ್ತಿದ್ದೇನೆ. ಬಂದೂಕು, ಬಟ್ಟೆಗಳ ಬಗ್ಗೆ ಬೇಕಾದಷ್ಟು ವಿಮರ್ಶೆಗಳಿವೆ. ನನ್ನನ್ನು ಹಿಡಿದಿಟ್ಟಿರುವುದು ಕುಗ್ಗುವ ಝೋನ್, ಅಂದರೆ ನಕ್ಷೆಯ ಮೇಲೆ ಹಂತಹಂತವಾಗಿ ಚಿಕ್ಕದಾಗುವ ಸುರಕ್ಷಿತ ವೃತ್ತ; ಅದರ ಹೊರಗೆ ಉಳಿದವರ ಪ್ರಾಣ ಸೋರುತ್ತಾ ಹೋಗುತ್ತದೆ.

ಎರಾಂಗೆಲ್ ನಕ್ಷೆ 8 ಕಿ.ಮೀ. ಉದ್ದ, 8 ಕಿ.ಮೀ. ಅಗಲ, ಇಳಿಯುವವರು 100 ಜನ. ಮೊದಲ ಹೊಡೆದಾಟಗಳಲ್ಲಿ 75 ಜನ ಹೋದರೆ ಉಳಿದ 25 ಮಂದಿಗೆ 64 ಚದರ ಕಿ.ಮೀ. ಜಾಗ, ಅಂದರೆ ತಲೆಗೆ ಎರಡೂವರೆ. ಝೋನ್ ಇಲ್ಲದಿದ್ದರೆ ಅವರೆಲ್ಲ ಒಂದೊಂದು ಮನೆ ಹಿಡಿದು ಕೂರುತ್ತಾರೆ, ಪಂದ್ಯ ಮುಗಿಯುವುದೇ ಇಲ್ಲ. ವೃತ್ತದ ತ್ರಿಜ್ಯ ಅರ್ಧವಾದರೆ ವಿಸ್ತೀರ್ಣ ಕಾಲು ಭಾಗಕ್ಕಿಳಿಯುತ್ತದೆ. ಅಷ್ಟರಲ್ಲಿ ಅರ್ಧ ಜನ ಸತ್ತಿದ್ದರೂ ಉಳಿದವರ ದಟ್ಟಣೆ ದುಪ್ಪಟ್ಟು.

ಜಾಣತನವೆಲ್ಲ ಇರುವುದು ಸಮಯದಲ್ಲಿ. ಮೊದಲು ಮುಂದಿನ ಸುರಕ್ಷಿತ ಜಾಗ ತೋರಿಸುವ ಬಿಳಿ ವೃತ್ತ ಕಾಣಿಸುತ್ತದೆ, ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ. ಅದು ಸಾಮಾನು ಹೆಕ್ಕಲು, ವಾಹನ ಹುಡುಕಲು ಬಿಟ್ಟ ಬಿಡುವು. ಆಮೇಲೆ ಹಳೆಯ ವೃತ್ತದ ಅಂಚಾದ ನೀಲಿ ಗೋಡೆ ಅದರತ್ತ ಹೊರಡುತ್ತದೆ. ಲೆಕ್ಕಕ್ಕೆ ಅನುಕೂಲವಾಗಲೆಂದು 2,000 ಮೀಟರ್ ತ್ರಿಜ್ಯದ ವೃತ್ತ 300 ಸೆಕೆಂಡುಗಳಲ್ಲಿ 1,000 ಮೀಟರಿಗೆ ಇಳಿಯುತ್ತದೆ ಎಂದುಕೊಳ್ಳಿ. ಹೊಸ ವೃತ್ತ ಹಳೆಯದರ ಒಂದು ಅಂಚಿಗೆ ತಾಗಿ ಬಂದರೆ ಆ ಕಡೆ ಗೋಡೆ ಅಲುಗುವುದೇ ಇಲ್ಲ. ಎದುರು ಕಡೆಯದು 2,000 ಮೀಟರ್ ಸಾಗಬೇಕು, ಸೆಕೆಂಡಿಗೆ ಸುಮಾರು 6.7 ಮೀಟರ್. ನಮ್ಮ ಆಟಗಾರ ಓಡುವುದು ಸೆಕೆಂಡಿಗೆ ಸುಮಾರು 6 ಮೀಟರ್. ಆ ಮೂಲೆಯಲ್ಲಿದ್ದವನು ಗೋಡೆ ಹೊರಟ ಮೇಲೆ ಎದ್ದರೆ ಕಾಲ್ನಡಿಗೆಯಲ್ಲಿ ಗೆಲ್ಲಲಾರ. ಬಿಡುವಿನಲ್ಲೇ ಹೊರಡಬೇಕು, ಇಲ್ಲವೇ ಜೀಪು ಬೇಕು.

ಕೊನೆಯ ಹಂತಗಳಲ್ಲಿ ಇದು ತಿರುಗುಮುರುಗು. 200 ಮೀಟರ್ ತ್ರಿಜ್ಯದ ವೃತ್ತ 60 ಸೆಕೆಂಡಿನಲ್ಲಿ 100ಕ್ಕೆ ಬಂದರೆ, ಗೋಡೆಯ ಅತಿ ಹೆಚ್ಚಿನ ವೇಗವೂ ಸೆಕೆಂಡಿಗೆ 3.3 ಮೀಟರ್ ಮಾತ್ರ. ಓಡಿ ತಪ್ಪಿಸಿಕೊಳ್ಳಬಹುದು, ಆದರೆ ಓಡಿದವನು ಎಲ್ಲರ ಕಣ್ಣಿಗೂ ಬೀಳುತ್ತಾನೆ. ಅದಕ್ಕೇ ಹೊರಗೆ ಉಳಿದವರಿಗೆ ಆಗುವ ಹಾನಿಯನ್ನು ಹಂತಹಂತವಾಗಿ ಏರಿಸಿದ್ದಾರೆ. ಆರಂಭದಲ್ಲಿ ಬ್ಯಾಂಡೇಜು ಸುತ್ತಿಕೊಂಡು ನೀಲಿಯಲ್ಲೇ ನಡೆಯಬಹುದು. ಕೊನೆಯಲ್ಲಿ ಫಸ್ಟ್ ಏಯ್ಡ್ ಮುಗಿಯುವುದರೊಳಗೆ ಆಟ ಮುಗಿದಿರುತ್ತದೆ.

ಹಾಗಾದರೆ ನಟ್ಟನಡುವೆ ಕೂತರೆ ಸಾಕಲ್ಲವೇ? ಮೇಲಿನ ಲೆಕ್ಕದಂತೆ ತ್ರಿಜ್ಯ ಅರ್ಧವಾದರೆ, ಹೊಸ ವೃತ್ತ ಹಳೆಯದರೊಳಗೆ ಎಲ್ಲೇ ಬಂದರೂ ಹಳೆಯ ಕೇಂದ್ರ ಅದರ ಅಂಚಿಗಿಂತ ಹೊರಗೆ ಹೋಗದು. ಓಟ ತಪ್ಪಿತು, ಸರಿ. ಆದರೆ ನಡುವೆ ಕೂತವನಿಗೆ ನಾಲ್ಕೂ ದಿಕ್ಕಿನಿಂದ ಶತ್ರುಗಳು. ಅಂಚಿನಲ್ಲಿದ್ದವನ ಬೆನ್ನು ಕಾಯಲು ನೀಲಿಯೇ ಇದೆ, ಅವನು ಮುಂದೆ ನೋಡಿದರೆ ಬಹುಪಾಲು ಸಾಕು. ನಾನು ಅಂಚಿನವರ ಪಕ್ಷ.

ದೂರು ಒಂದೇ: ದಕ್ಷಿಣದ ಮಿಲಿಟರಿ ಬೇಸ್ ದ್ವೀಪದ ಮೇಲೆ ಝೋನ್ ಬಿದ್ದರೆ ಈ ಗಣಿತವೆಲ್ಲ ಕೆಡುತ್ತದೆ. ದೂರ ಅಷ್ಟೇ ಇದ್ದರೂ ದಾರಿ ಎರಡು ಸೇತುವೆ ಅಥವಾ ನೀರು. ಸೇತುವೆಯ ತುದಿಯಲ್ಲಿ ಯಾರೋ ಕಾದಿರುತ್ತಾರೆ, ಈಜುತ್ತಾ ಗುಂಡು ಹಾರಿಸಲೂ ಆಗದು. ಐದಕ್ಕೆ ನಾಲ್ಕು ನಕ್ಷತ್ರ. ಕಳೆದ ಒಂದು ಆ ದ್ವೀಪಕ್ಕೆ.