ಅಪಾರ್ಟ್‌ಮೆಂಟಿನಲ್ಲಿ ಆನ್‌ಲೈನ್ ಆಟ: 2.4, 5 ಮತ್ತು ಕೊನೆಗೆ ಕೇಬಲ್

ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ನಮ್ಮ ವಾಸ. ಇಂಟರ್ನೆಟ್ ಕಂಪನಿ ಕೊಟ್ಟ, 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ವೈ-ಫೈ ಬ್ಯಾಂಡಿನ ರೂಟರನ್ನು ಮೂರನೆಯ ವರ್ಷ ಬಳಸುತ್ತಿದ್ದೇನೆ. ನಾನು ಆಡುವುದು ವ್ಯಾಲೊರಂಟ್, ಮುಂಬೈ ಸರ್ವರಿನಲ್ಲಿ. ವೇಗ ಪರೀಕ್ಷೆಯಲ್ಲಿ 200 ಎಂಬಿಪಿಎಸ್ ಪೂರ್ತಿ ಬರುತ್ತಿತ್ತು. ಆದರೂ ರಾತ್ರಿ ಎಂಟು ದಾಟಿದರೆ ಎದುರಾಳಿ ಕಣ್ಣಿಗೆ ಬೀಳುವ ಮೊದಲೇ ನಾನು ಗುಂಡೇಟು ತಿಂದಿರುತ್ತಿದ್ದೆ. ಸಹಾಯವಾಣಿಯವರು ಇನ್ನೂ ದುಬಾರಿ ಪ್ಲಾನ್ ಹಾಕಿಸಿಕೊಳ್ಳಿ ಎಂದರು. ಇಂಥ ಆಟಕ್ಕೆ ಒಂದೆರಡು ಎಂಬಿಪಿಎಸ್ ಇದ್ದರೆ ಧಾರಾಳವಾಯಿತು. ಬೇಕಾದದ್ದು ವೇಗವಲ್ಲ, ಪ್ರತಿಯೊಂದು ಪುಟ್ಟ ಪ್ಯಾಕೆಟ್ಟೂ ಹೊತ್ತಿಗೆ ಸರಿಯಾಗಿ ತಲುಪುವುದು.

ತೊಂದರೆ ಮನೆಯೊಳಗಿನದೋ ಹೊರಗಿನದೋ ಎಂದು ತಿಳಿಯಲು ಖರ್ಚಿಲ್ಲದ ದಾರಿಯೊಂದಿದೆ. ಆಟ ನಡೆಯುತ್ತಿರುವಾಗಲೇ ವಿಂಡೋಸ್‌ನಲ್ಲಿ ಸರ್ವರಿಗಲ್ಲ, ನಿಮ್ಮ ರೂಟರಿಗೇ ಪಿಂಗ್ ಕಳಿಸಿ:

```
ping -t 192.168.1.1
```

ರೂಟರಿನ ವಿಳಾಸ ಬೇರೆ ಇದ್ದರೆ `ipconfig` ತೋರಿಸುವ Default Gateway ಹಾಕಿ. 2.4 ಗಿಗಾಹರ್ಟ್ಸ್‌ನಲ್ಲಿ ನನಗೆ ಮೂರು, ನಾಲ್ಕು, ಮೂರು ಮಿಲಿಸೆಕೆಂಡ್ ಎಂದು ಬರುತ್ತಾ ಇದ್ದದ್ದು ಇದ್ದಕ್ಕಿದ್ದಂತೆ 90, 140 ಎಂದು ಹಾರುತ್ತಿತ್ತು. ಹತ್ತು ಹೆಜ್ಜೆ ದೂರದ ರೂಟರಿಗೇ ಈ ಗತಿ. ಮುಂಬೈಯನ್ನು ದೂರಿ ಪ್ರಯೋಜನವಿಲ್ಲ.

ಕಾರಣ ಅಕ್ಕಪಕ್ಕದ ಮನೆಗಳು. `netsh wlan show networks mode=bssid` ಎಂದು ಕೊಟ್ಟರೆ ಸುತ್ತಲಿನ ವೈ-ಫೈಗಳೆಲ್ಲ ಚಾನಲ್ ಸಮೇತ ಕಾಣುತ್ತವೆ. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನಲ್‌ಗಳು 1, 6, 11 ಮೂರೇ. ಒಂದೇ ಚಾನಲ್‌ನಲ್ಲಿರುವ ರೂಟರುಗಳು ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನಿರಬೇಕು. ರಾತ್ರಿ ಎಲ್ಲರ ಮನೆಯಲ್ಲೂ ವಿಡಿಯೊ ಓಡುವಾಗ ನಮ್ಮ ಪ್ಯಾಕೆಟ್ಟಿನ ಸರದಿ ಬರುವುದೇ ತಡ. 3 ಅಥವಾ 4 ಖಾಲಿ ಕಂಡಿತೆಂದು ಅಲ್ಲಿಗೆ ಹೋಗಬೇಡಿ. ಅಲ್ಲಿ 1ರವರ ಸದ್ದೂ 6ರವರ ಸದ್ದೂ ಸೇರುತ್ತದೆ, ಸರದಿಯ ಶಿಸ್ತೂ ಕೆಡುತ್ತದೆ. ಮೈಕ್ರೋವೇವ್ ಒಲೆ, ಬ್ಲೂಟೂತ್ ಇಯರ್‌ಫೋನ್ ಎಲ್ಲವೂ ಇದೇ ಬ್ಯಾಂಡಿನವು.

5 ಗಿಗಾಹರ್ಟ್ಸ್‌ಗೆ ಬಂದ ಮೇಲೆ ಬಹಳ ಸುಧಾರಿಸಿತು. ಇದರ ಅಲೆ ಗೋಡೆ ದಾಟುವಾಗ ಹೆಚ್ಚು ಸೊರಗುತ್ತದೆ ಎಂಬುದು ಎಲ್ಲರೂ ಹೇಳುವ ದೂರು. ಅಪಾರ್ಟ್‌ಮೆಂಟಿನಲ್ಲಿ ಅದೇ ಅನುಕೂಲ, ಏಕೆಂದರೆ ನೆರೆಯವರ ಅಲೆಯೂ ನಮ್ಮ ಕೋಣೆಯವರೆಗೆ ಬರುವಷ್ಟರಲ್ಲಿ ಸೊರಗಿರುತ್ತದೆ. ನಮ್ಮ ಸುತ್ತ ಹೆಚ್ಚಿನ ರೂಟರುಗಳು 36ರಿಂದ 48ರ ಗುಂಪಿನಲ್ಲೇ ಕೂತಿದ್ದವು. ನಾನು 149ಕ್ಕೆ ಬದಲಿಸಿ, ಅಗಲವನ್ನು 80ರಿಂದ 40 ಮೆಗಾಹರ್ಟ್ಸ್‌ಗೆ ಇಳಿಸಿದೆ. ಡೌನ್‌ಲೋಡ್ ವೇಗದ ಗರಿಷ್ಠ ಮಿತಿ ಇಳಿಯುತ್ತದೆ ನಿಜ, ಆದರೆ ಪಿಂಗ್ 20 ದಾಟುವುದು ಅಪರೂಪವಾಯಿತು.

ಆದರೆ ಕರೆಂಟು ಹೋಗಿ ಬಂದಾಗಲೆಲ್ಲ ಹಳೆಯ ಕಾಟ ಮರಳುತ್ತಿತ್ತು. 149ನ್ನು ಕಾಯಂ ಮಾಡುವ ಮೊದಲಿನ ದಿನಗಳಲ್ಲಿ ರೂಟರ್ ತಾನಾಗಿ 52, 100ರಂಥ ಚಾನಲ್‌ಗಳನ್ನು ಆರಿಸಿಕೊಳ್ಳುತ್ತಿತ್ತು. ಅವು ರೇಡಾರ್ ಜೊತೆ ಹಂಚಿಕೊಂಡ ಚಾನಲ್‌ಗಳು. ಆನ್ ಆದ ಮೇಲೆ ರೇಡಾರ್ ಇಲ್ಲವೆಂದು ಖಚಿತಪಡಿಸಿಕೊಳ್ಳಲು ರೂಟರ್ ಕನಿಷ್ಠ ಒಂದು ನಿಮಿಷ ಬರೀ ಆಲಿಸುತ್ತದೆ. ಅಷ್ಟರಲ್ಲಿ 2.4 ಎದ್ದಿರುತ್ತದೆ, ಲ್ಯಾಪ್‌ಟಾಪ್ ಅದಕ್ಕೆ ಅಂಟಿಕೊಂಡು ಅಲ್ಲೇ ಉಳಿಯುತ್ತದೆ. ಎರಡು ಬ್ಯಾಂಡಿಗೂ ಒಂದೇ ಹೆಸರಿದ್ದರೆ ಇದು ಗೊತ್ತೇ ಆಗುವುದಿಲ್ಲ. 149ನ್ನು ಕಾಯಂ ಮಾಡಿ, ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟು, 2.4ರ ಹೆಸರನ್ನು ಲ್ಯಾಪ್‌ಟಾಪಿನಿಂದ ಅಳಿಸಿದ ಮೇಲೆ ಈ ಕಾಟ ತೀರಿತು.

ಇಷ್ಟಾದರೂ ವಾರಾಂತ್ಯಗಳಲ್ಲಿ ಆಗೊಮ್ಮೆ ಈಗೊಮ್ಮೆ ತಡವರಿಸುವುದು ನಿಲ್ಲಲಿಲ್ಲ. ಆಗ ಕೇಬಲ್ ಎಳೆಸಿದೆ. ಗೋಡೆ ಒಡೆಯಬೇಕೇನೋ ಎಂಬ ಅಳುಕಿತ್ತು. ಎಲೆಕ್ಟ್ರಿಷಿಯನ್ ಬಂದವರು ಸ್ವಿಚ್ ಬೋರ್ಡ್ ಬಿಚ್ಚಿ ನೋಡಿ, “ಸಾರ್, ಟಿವಿ ಕೇಬಲ್ ಪೈಪಿನಲ್ಲೇ ಜಾಗವಿದೆ, ಹಳೆಯದಕ್ಕೇ ಕಟ್ಟಿ ಎಳೆಯೋಣ” ಎಂದರು. ಹಾಲಿನಿಂದ ಮಲಗುವ ಕೋಣೆಗೆ ಕ್ಯಾಟ್ 6 ಸಲೀಸಾಗಿ ಬಂತು. ವಿದ್ಯುತ್ ತಂತಿ ಹೋಗುವ ಪೈಪಿನಲ್ಲಿ ಮಾತ್ರ ಇದನ್ನು ಎಳೆಸಬೇಡಿ.

ಕೊಳ್ಳುವಾಗ ಶುದ್ಧ ತಾಮ್ರದ್ದೇ ಎಂದು ಕೇಳಿ ಕೊಳ್ಳಿ. ಅಗ್ಗದ ಕೇಬಲ್‌ಗಳಲ್ಲಿ ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪವಷ್ಟೇ ಇರುತ್ತದೆ, ಬಾಗಿದಲ್ಲಿ ಬೇಗ ಮುರಿಯುತ್ತದೆ. ಮನೆಯ ಅಳತೆಗೆ ಕ್ಯಾಟ್ 5ಇ ಕೂಡ ಸಾಕು, 100 ಮೀಟರಿನವರೆಗೆ ಗಿಗಾಬಿಟ್ ಒಯ್ಯುತ್ತದೆ. ಜೋಡಿಸಿದ ಮೇಲೆ ವಿಂಡೋಸ್‌ನ ಈಥರ್ನೆಟ್ ಸೆಟ್ಟಿಂಗ್‌ನಲ್ಲಿ Link speed ನೋಡಿ. ಎರಡೂ ಬದಿಯ ಪೋರ್ಟ್ ಗಿಗಾಬಿಟ್ ಆಗಿದ್ದೂ 1000ದ ಬದಲು 100 ತೋರಿಸಿದರೆ ನಾಲ್ಕು ಜೋಡಿ ತಂತಿಗಳಲ್ಲಿ ಯಾವುದೋ ಕೂಡಿಲ್ಲ. ನಮ್ಮಲ್ಲೂ ಹಾಗೇ ಆಗಿ, ಒಂದು ತುದಿಯ ಪ್ಲಗ್ ಕತ್ತರಿಸಿ ಮತ್ತೆ ಕ್ರಿಂಪ್ ಮಾಡಬೇಕಾಯಿತು.

ಈಗ ರೂಟರಿನ ಪಿಂಗ್ ಸಂಜೆಯಿಂದ ಮಧ್ಯರಾತ್ರಿಯವರೆಗೂ `time<1ms`. ಇಷ್ಟು ದಿನಗಳಲ್ಲಿ ಕೆಟ್ಟದ್ದೆಂದರೆ ಪ್ಲಗ್ಗಿನ ಪ್ಲಾಸ್ಟಿಕ್ ಕೊಂಡಿ ಮಾತ್ರ. ಮೊಬೈಲ್, ಟಿವಿ 5ರಲ್ಲೇ ಇವೆ, ಅವಕ್ಕೆ ಅದು ಧಾರಾಳ. ಮೊಬೈಲಿನಲ್ಲೇ ಆಡುವವರು ರೂಟರ್ ಇರುವ ಕೋಣೆಯಲ್ಲಿ ಕೂತು 5ರಲ್ಲಿ ಆಡಿದರೆ ಬಹುಪಾಲು ಲಾಭ ಸಿಗುತ್ತದೆ. ಕೇಬಲ್ ಹಾಕಿದ ಮೇಲೂ ಆಟ ತಡವರಿಸಿದರೆ ಎರಡು ಕಿಟಕಿಗಳಲ್ಲಿ ಪಿಂಗ್ ಓಡಿಸಿ, ಒಂದು ರೂಟರಿಗೆ, ಇನ್ನೊಂದು ಗೂಗಲ್‌ನ `8.8.8.8`ಗೆ. ಮೊದಲನೆಯದು ಕದಲದೆ ಎರಡನೆಯದು ಮಾತ್ರ ಹಾರುತ್ತಿದ್ದರೆ ಆ ಚಿತ್ರವನ್ನೇ ದೂರಿನ ಜೊತೆ ಕಂಪನಿಗೆ ಕಳಿಸಿ. ಹಾಗೆ ಕಳಿಸಿದ ಮೇಲೆ ನನಗೆ ಪ್ಲಾನ್ ಬದಲಿಸಿ ಎಂಬ ಉತ್ತರ ಮತ್ತೆ ಬಂದಿಲ್ಲ, ಲೈನ್ ನೋಡಲು ಜನ ಬಂದಿದ್ದಾರೆ.