ಮಡಗಾಂವ್‌ವರೆಗೆ ಮಾತ್ರ ಖಾಲಿ ಇದ್ದ ಬರ್ತ್

ಹೋದ ವರ್ಷ ಅಮ್ಮನನ್ನು ಕರೆದುಕೊಂಡು ಥಾಣೆಯಿಂದ ಉಡುಪಿಗೆ ಹೊರಟಿದ್ದೆ. ಸ್ಲೀಪರ್‌ನಲ್ಲಿ ಉಡುಪಿಗೆ ಹುಡುಕಿದರೆ ವೇಟಿಂಗ್ ಲಿಸ್ಟ್. ಅದೇ ಗಾಡಿಯಲ್ಲಿ ಮಡಗಾಂವ್‌ವರೆಗೆ ಹುಡುಕಿದರೆ ಎರಡು ಬರ್ತ್ ಖಾಲಿ! 'ಮಡಗಾಂವ್ ತನಕ ತಗೊಳ್ಳೋಣ, ಮುಂದಕ್ಕೆ ಟಿಟಿಇ ಹತ್ತಿರ ದುಡ್ಡು ಕಟ್ಟಿ ಅದೇ ಬರ್ತಿನಲ್ಲಿ ಮಲಗೋಣ' ಅಂದುಕೊಂಡೆ. ಈ ತಪ್ಪನ್ನು ನೀವು ಮಾಡಬೇಡಿ.

ಮಡಗಾಂವ್‌ನಲ್ಲಿ ನಡುರಾತ್ರಿ ದಾಟಿತ್ತು. ಒಂದು ಕುಟುಂಬ ಹತ್ತಿತು. ಮೊಬೈಲಿನ ಬೆಳಕು ಬರ್ತ್ ನಂಬರಿನ ಮೇಲೆ ಬಿತ್ತು. "ಅಮ್ಮಾ, 33 ನಮ್ಮದು, ಸ್ವಲ್ಪ ಏಳ್ತೀರಾ?" ಅಂದರು. ಅವರ ಟಿಕೆಟ್ ಸರಿಯಾಗಿಯೇ ಇತ್ತು. ಟಿಟಿಇ ಪಟ್ಟಿ ನೋಡಿ, ಉಡುಪಿಯವರೆಗೆ ಒಂದೂ ಖಾಲಿ ಇಲ್ಲ ಅಂದರು. ನಿದ್ದೆಗಣ್ಣಿನಲ್ಲಿದ್ದ ಅಮ್ಮನನ್ನು ಎಬ್ಬಿಸಿ, ಕಂಬಳಿ ಸುತ್ತಿಕೊಂಡು ಇಳಿದೆವು. ಬೆಳಗಿನ ಗಾಡಿ ಬರುವ ತನಕ ಅವರು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತೇ ಇದ್ದರು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಆಮೇಲೆ ಅರ್ಥವಾಯಿತು. ಒಂದು ಬರ್ತನ್ನು ಒಂದೇ ಪ್ರಯಾಣದಲ್ಲಿ ಹಲವರಿಗೆ ತುಂಡು ತುಂಡಾಗಿ ಕೊಡುತ್ತಾರೆ. 33 ಥಾಣೆಯಿಂದ ಮಡಗಾಂವ್‌ವರೆಗೆ ಖಾಲಿ, ಮುಂದೆ ಬೇರೆಯವರದು ಅಂತಿಟ್ಟುಕೊಳ್ಳಿ. 41 ಮಡಗಾಂವ್‌ವರೆಗೆ ಯಾರದೋ, ಅಲ್ಲಿಂದ ಉಡುಪಿಗೆ ಖಾಲಿ. ಥಾಣೆ-ಉಡುಪಿ ಅಂತ ಕೇಳಿದರೆ ಕಂಪ್ಯೂಟರ್ ಪೂರ್ತಿ ದಾರಿಗೂ ಖಾಲಿ ಇರುವ ಒಂದೇ ಬರ್ತನ್ನು ಹುಡುಕುತ್ತದೆ. ಈ ಎರಡನ್ನೂ ತಾನೇ ಜೋಡಿಸಿ ಒಂದು ಟಿಕೆಟ್ ಮಾಡಿಕೊಡುವುದಿಲ್ಲ. ಹಾಗಾಗಿ ಎರಡು ತುಂಡು ಖಾಲಿ ಇದ್ದರೂ ನಮಗೆ ಕಾಣುವುದು ವೇಟಿಂಗ್ ಲಿಸ್ಟೇ. ಕೋಟಾಗಳೂ ಇವೆ. ನಡುವಿನ ಸ್ಟೇಷನ್‌ಗಳಿಗೆ ಎತ್ತಿಟ್ಟ ಬರ್ತ್ ಆ ಸ್ಟೇಷನ್ನಿನಿಂದ ಹುಡುಕಿದರೆ ಮಾತ್ರ ಕಾಣಬಹುದು.

ಅಂದರೆ ಚಿಕ್ಕ ದಾರಿಗೆ ಖಾಲಿ ಇದೆ ಅಂದರೆ ಅಷ್ಟೇ ದಾರಿಗೆ ಖಾಲಿ, ಮುಂದಿನದಕ್ಕೆ ಯಾವ ಭರವಸೆಯೂ ಇಲ್ಲ. ಅದಕ್ಕೇ ಮೊದಲನೇ ತುಂಡಿಗೆ ದುಡ್ಡು ಕಟ್ಟುವ ಮುಂಚೆ ಎರಡನೆಯದನ್ನೂ ಹುಡುಕಿ ನೋಡಿ. ಮಡಗಾಂವ್‌ನಿಂದ ಉಡುಪಿಗೆ ಸಿಗದಿದ್ದರೆ ರತ್ನಾಗಿರಿಯಲ್ಲಿ ಮುರಿದು ನೋಡಿ. ಎರಡೂ ಸಿಕ್ಕರೆ ಎರಡು ಟಿಕೆಟ್ ತಗೊಳ್ಳಿ. ಎರಡು ಸಲ ರಿಸರ್ವೇಷನ್ ಚಾರ್ಜ್ ಬೀಳುತ್ತದೆ, ಒಟ್ಟು ದರವೂ ಒಂದೇ ಟಿಕೆಟ್ಟಿಗಿಂತ ಜಾಸ್ತಿ. ನಡುವೆ ಬೋಗಿ ಬದಲಿಸಬೇಕಾಗಬಹುದು. ವಯಸ್ಸಾದವರಿದ್ದರೆ ಆ ಬದಲಾವಣೆ ರಾತ್ರಿ ಎರಡು ಗಂಟೆಗೆ ಬರದ ಹಾಗೆ ಸ್ಟೇಷನ್ ಆರಿಸಿಕೊಳ್ಳಿ.

ಚಾರ್ಟ್ ಆದ ಮೇಲೆ ಐಆರ್‌ಸಿಟಿಸಿಯ 'Charts / Vacancy' ಪುಟದಲ್ಲಿ ಯಾವ ಬರ್ತ್ ಎಲ್ಲಿಂದ ಎಲ್ಲಿಗೆ ಖಾಲಿ ಅಂತ ಕಾಣುತ್ತದೆ. ಅದು ಬರೀ ನೋಡಲು. ಮುಂದಿನ ಸ್ಟೇಷನ್ನಿನ ವೇಟಿಂಗ್ ಲಿಸ್ಟಿನವರಿಗೆ ಆ ಬರ್ತ್ ಹೋಗಿಬಿಡಬಹುದು. ಟಿಕೆಟ್ ಕೈಗೆ ಬಂದ ಮೇಲಷ್ಟೇ ಅದು ನಿಮ್ಮ ಬರ್ತ್.