ವಾಯ್ಸ್ ಮೆಸೇಜ್‌ಗಳಿಂದ ಪಟ್ಟಿ ಮಾಡಿಕೊಡುವ ಆ್ಯಪ್: ವರ್ಷ ಬಳಸಿದ ಮೇಲೆ

ಶಾಲೆಯ ಸ್ನೇಹಿತರ ಪುನರ್ಮಿಲನಕ್ಕೆ ತಯಾರಿ ಶುರುವಾದಾಗಿನಿಂದ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಟೈಪ್ ಮಾಡುವವರೇ ಇಲ್ಲ. ಎಲ್ಲರದೂ ವಾಯ್ಸ್ ಮೆಸೇಜೇ. ಅದರಲ್ಲೂ ಅರ್ಧ ನಗು, ಹಳೇ ಮೇಷ್ಟ್ರ ಮಿಮಿಕ್ರಿ. ಅವನ್ನೆಲ್ಲ ಬರಹಕ್ಕಿಳಿಸಿ ಕೆಲಸ, ಖರ್ಚು, ವಂತಿಗೆ ಅಂತ ವಿಂಗಡಿಸಿಕೊಡುವ ಈ ಆ್ಯಪನ್ನು ಅಂದಿನಿಂದ ಬಳಸುತ್ತಿದ್ದೇನೆ.

ಒಂದೊಂದೇ ಆಡಿಯೋ ಶೇರ್ ಮಾಡಿದರೆ ಯಾರು ಮಾತಾಡಿದ್ದು ಅನ್ನೋದೇ ಕಳೆದುಹೋಗುತ್ತದೆ. ‘ನಾನು ನೋಡ್ಕೋತೀನಿ’ ಅಂದದ್ದು ಬರುತ್ತದೆ, ಆ ‘ನಾನು’ ಯಾರೋ ಗೊತ್ತಾಗುವುದಿಲ್ಲ. ಚಾಟ್ ಅನ್ನು ಮೀಡಿಯಾ ಸಮೇತ ಎಕ್ಸ್‌ಪೋರ್ಟ್ ಮಾಡಿ ಕೊಡಿ. ಅದರ ಜೊತೆ ಬರುವ ಪಠ್ಯದ ಫೈಲಿನಲ್ಲಿ ಪ್ರತಿ ಆಡಿಯೋ ಮುಂದೆ ಕಳಿಸಿದವರ ಹೆಸರು, ಸಮಯ ಇರುತ್ತವೆ. ಅಲ್ಲಿಂದಾಚೆ ಕೆಲಸಗಳ ಪಟ್ಟಿ ಬಹುಪಾಲು ಸರಿ ಬಂತು.

ಎಡವಟ್ಟಾಗುವುದು ದುಡ್ಡಿನಲ್ಲಿ. ನಮ್ಮದೇ ಲೆಕ್ಕ ನೋಡಿ. ಹಾಲ್ ಬಾಡಿಗೆ 24,000. ಊಟ ತಲೆಗೆ 300ರಂತೆ 50 ಜನಕ್ಕೆ 15,000. ಗುರುಗಳಿಗೆ ನೆನಪಿನ ಕಾಣಿಕೆ 6,000. ಒಟ್ಟು 45,000. ಆ್ಯಪ್ ತೋರಿಸಿದ್ದು 53,000! ಹಾಲ್ ನೋಡಿಕೊಂಡ ಗೆಳೆಯ ‘8 ಸಾವಿರ ಮುಂಗಡ ಕಟ್ಟಿದೆ’ ಅಂದಿದ್ದ. ಬಾಡಿಗೆಯೊಳಗೇ ಸೇರಿದ ಆ ಮುಂಗಡವನ್ನು ಅದು ಬೇರೆ ಖರ್ಚೆಂದು ಕೂಡಿಸಿತ್ತು. ಸಾಲದ್ದಕ್ಕೆ 50ರಿಂದ ಭಾಗಿಸಿ ತಲೆಗೆ 1,060 ಅಂದಿತು. ಆ 50ರಲ್ಲಿ 10 ಜನ ನಮ್ಮ ಮೇಷ್ಟ್ರು, ಟೀಚರ್‌ಗಳು. ಅವರ ಹತ್ತಿರ ವಂತಿಗೆ ಕೇಳೋದುಂಟೇ? ದುಡ್ಡು ಹಾಕುವವರು 40 ಜನ, ತಲೆಗೆ 1,125. ಮುಂಗಡ ಕಟ್ಟಿದವನಿಗೆ ಅವನ ಪಾಲು ಕಳೆದು 6,875 ವಾಪಸ್ ಕೊಡಬೇಕು. ಅವನ ಹೆಸರಿನ ಮುಂದೆ ಆ್ಯಪ್ ಏನನ್ನೂ ಬರೆದಿರಲಿಲ್ಲ.

ಹಾಗಾಗಿ ಈಗ ವಂತಿಗೆಯನ್ನು ‘ಕೊಡ್ತೀನಿ ಅಂದವರು’, ‘ಕೊಟ್ಟವರು’, ‘ಗುಂಪಿನ ಪರವಾಗಿ ಕೈಯಿಂದ ಹಾಕಿದವರು’ ಅಂತ ಮೂರು ಕಾಲಂ ಮಾಡಿಸುತ್ತೇನೆ. ಪ್ರತಿ ಮೊತ್ತದ ಪಕ್ಕ ಅದು ಯಾವ ಮೆಸೇಜಿನಿಂದ ಬಂತು ಅಂತ ತೋರಿಸುವ ಸೌಲಭ್ಯ ಇದೆ. ಈ ಆ್ಯಪಿಗೆ ದುಡ್ಡು ಕೊಡಬಹುದು ಅನ್ನಿಸೋದು ಅದೊಂದಕ್ಕೇ. ಮೊತ್ತದ ಮೇಲೆ ಅನುಮಾನ ಬಂದರೆ ಒತ್ತಿ ಆ ಮೆಸೇಜ್ ಕೇಳಿ. ‘ಎರಡೂವರೆ ಸಾವಿರ’ ಅಂದದ್ದು ಎರಡು ಸಾವಿರವಾಗಿ, ‘ಆರು’ ಅಂದದ್ದು ‘ಯಾರು’ ಆಗಿ ಇಳಿದದ್ದು ಹಾಗೇ ಸಿಕ್ಕಿತು. ಹಿನ್ನೆಲೆಯಲ್ಲಿ ಟ್ರಾಫಿಕ್ ಗದ್ದಲ ಇದ್ದರಂತೂ ಸಂಖ್ಯೆಯನ್ನು ನಂಬಲೇಬೇಡಿ.

ಮೆಸೇಜಿನಲ್ಲಿ ಹೇಳಿದ ದರ ಆಮೇಲೆ ಬದಲಾದರೆ ಹಳೆಯದನ್ನೂ ಹೊಸದನ್ನೂ ಎರಡೂ ಪಟ್ಟಿಯಲ್ಲಿ ಇಟ್ಟುಕೊಳ್ಳುವ ಚಾಳಿಯೂ ಆ್ಯಪಿಗೆ ಇತ್ತು. ಇತ್ತೀಚಿನ ಅಪ್‌ಡೇಟ್‌ನಲ್ಲಿ ಕಡಿಮೆಯಾಗಿದೆ.

ಆಡಿಯೋಗಳು ಕಂಪನಿಯ ಸರ್ವರಿಗೆ ಹೋಗುತ್ತವೆ, ಗುಂಪಿನವರನ್ನು ಮೊದಲೇ ಕೇಳಿಕೊಳ್ಳಿ. ನಮ್ಮಲ್ಲಿ ಇಬ್ಬರು ಬೇಡ ಅಂದರು, ಅವರ ಮೆಸೇಜುಗಳನ್ನು ನಾನೇ ಕೇಳಿ ಬರೆದೆ. ಇನ್ನು ಹೆಬ್ಬೆರಳಿನ ಎಮೋಜಿ ಒತ್ತಿ ಒಪ್ಪಿಗೆ ಕೊಡುವವರನ್ನು ಆ್ಯಪ್ ಹಿಡಿಯುವುದೇ ಇಲ್ಲ. ಅದಕ್ಕೇ ಪಟ್ಟಿಯನ್ನು ಗುಂಪಿಗೆ ಹಾಕಿದ ಮೇಲೆ, ಅವರವರ ಹೆಸರಿನ ಮುಂದಿನ ಮೊತ್ತಕ್ಕೆ ‘ಹೂಂ’ ಅಂತ ಟೈಪ್ ಮಾಡಿ ಅನ್ನುತ್ತೇನೆ. ಅದಕ್ಕೂ ಕೆಲವರು ವಾಯ್ಸ್ ಮೆಸೇಜೇ ಕಳಿಸುತ್ತಾರೆ. ಐದಕ್ಕೆ ಮೂರು ಸ್ಟಾರ್.